ಗೋಮಾಳ ಉಳಿಸುವ ಮನವಿ: ಸಾಸ್ತಾನ ಮತ್ತು ಕರಾವಳಿ

ಊರಿನ ದನ ಮೇಯುವ ಸಾರ್ವಜನಿಕ ಜಾಗಕ್ಕೆ ಯಾರಾದರೂ ಬೇಲಿ ಹಾಕಿದಾಗ, ಅದನ್ನು ಬಿಡಿಸಿಕೊಡಿ ಎಂದು ಹೈನುಗಾರರು ಗ್ರಾಮ ಪಂಚಾಯಿತಿಗೆ ಕೊಡುವ ಅರ್ಜಿ ಇದು. ಸಾಸ್ತಾನ ಸೇರಿದಂತೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಗಳಲ್ಲಿ ಈ ಅರ್ಜಿಯ ಹಾದಿ ಬಯಲುಸೀಮೆಯದಕ್ಕಿಂತ ಬೇರೆ. ಕಾರಣ ಇಲ್ಲಿನ ಭೂಮಿಯ ಚರಿತ್ರೆಯಲ್ಲಿದೆ.

1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿ ಮದ್ರಾಸ್ ಆಡಳಿತಕ್ಕೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದರೂ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಇಲ್ಲಿ ದನಗಳ ಮೇವು ಒಂದೇ ಜಾಗದಲ್ಲಿ ಇರಲಿಲ್ಲ. ಕೊಯ್ಲು ಮುಗಿದ ಮೇಲೆ ಬಯಲು, ಉಳಿದ ದಿನಗಳಲ್ಲಿ ಮುರಕಲ್ಲಿನ ಗುಡ್ಡೆ ಮತ್ತು ಹಾಡಿ. ಇದರ ಜೊತೆಗೆ ಕುಮ್ಕಿ ಇತ್ತು. ವರ್ಗದಾರನ ಸಾಗುವಳಿ ಜಮೀನಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ದನ ಮೇಯಿಸಲು, ಸೊಪ್ಪು ಕಡಿಯಲು, ಮನೆ ಮತ್ತು ಕೃಷಿಗೆ ಮರಮಟ್ಟು ತರಲು ಅವನಿಗಿದ್ದ ಸವಲತ್ತು ಅದು. ಒಡೆತನ ಸರ್ಕಾರದ್ದೇ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 79ನೇ ಕಲಂ ಈ ಸವಲತ್ತನ್ನು ಉಳಿಸಿತು. ಆದ್ದರಿಂದ ಕರಾವಳಿಯಲ್ಲಿ ಊರವರು ‘ನಮ್ಮ ಗೋಮಾಳ’ ಎನ್ನುವ ಗುಡ್ಡೆ ಪಹಣಿಯಲ್ಲಿ ಗೋಮಾಳವೇ ಆಗಿರಬೇಕೆಂದಿಲ್ಲ. ಒಬ್ಬರ ಕುಮ್ಕಿಯೋ ಅರಣ್ಯವೋ ಆಗಿರಬಹುದು. ಮನವಿ ಎಡವುವ ಮೊದಲ ಜಾಗ ಇದೇ. ಕುಮ್ಕಿಯಾದರೆ ಎದುರಿಗೆ ನಿಲ್ಲುವುದು ನೆರೆಯ ವರ್ಗದಾರನ ಹಕ್ಕು, ಅರಣ್ಯವಾದರೆ ಬೇರೆ ಇಲಾಖೆ. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸದೆ ಬರೆದ ಅರ್ಜಿ ಕಚೇರಿಯಿಂದ ಕಚೇರಿಗೆ ಸುತ್ತುತ್ತದೆ.

ಗೋಮಾಳವೆಂದೇ ದಾಖಲಾಗಿದ್ದರೆ ಅದಕ್ಕೆ ಆಧಾರ ಅದೇ ಕಾಯ್ದೆಯ 71ನೇ ಕಲಂ. ದನಗಳ ಉಚಿತ ಮೇವಿಗೆ ಸರ್ಕಾರಿ ಜಮೀನು ಕಾಯ್ದಿರಿಸಲು ಅದು ಅವಕಾಶ ಕೊಡುತ್ತದೆ. ಎಷ್ಟು ಎಂಬುದನ್ನು 1966ರ ನಿಯಮಗಳ 97ನೇ ನಿಯಮ ಹೇಳುತ್ತದೆ: ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ದನಗಳಿಗೆ ನೆಲ ಖಾತರಿ ಮಾಡಿದ ಈ ಲೆಕ್ಕವೇ ದನ ಕಡಿಮೆಯಾದಾಗ ನೆಲವನ್ನು ಕಳಚಿಕೊಳ್ಳುವ ದಾರಿಯೂ ಆಯಿತು. ಉದಾಹರಣೆಗೆ, ಒಂದು ಗ್ರಾಮದಲ್ಲಿ 40 ಎಕರೆ ಗೋಮಾಳ ಇದೆ ಎನ್ನಿ. ನೂರು ದನ ಇದ್ದರೆ 30 ಎಕರೆ ಬೇಕು, 10 ಎಕರೆ ಹೆಚ್ಚುವರಿ. ದನ ಅರವತ್ತಕ್ಕಿಳಿದರೆ 18 ಎಕರೆ ಸಾಕು, 22 ಎಕರೆ ‘ಹೆಚ್ಚುವರಿ’ಯಾಗಿ ಮಂಜೂರಾತಿಗೆ ತೆರೆದುಕೊಳ್ಳುತ್ತದೆ. ಹುಲ್ಲುಗಾವಲು ಬೇಲಿಯೊಳಗೆ ಸೇರಿದ ಮೇಲೆ ಜನ ದನ ಮಾರುತ್ತಾರೆ, ದನ ಮಾರಿದ ಮೇಲೆ ಇನ್ನಷ್ಟು ನೆಲ ಹೆಚ್ಚುವರಿ ಎನಿಸುತ್ತದೆ. ಹೀಗಾಗಿ ಮನವಿಯ ಜೊತೆಗೆ ಲಗತ್ತಿಸಲೇಬೇಕಾದ ಕಾಗದ ಜಾನುವಾರು ಗಣತಿಯ ಅಂಕಿ. ಬರಿಯ ಸಹಿಗಳ ಪಟ್ಟಿ ಈ ಲೆಕ್ಕಕ್ಕೆ ಉತ್ತರವಾಗುವುದಿಲ್ಲ.

ಪಂಚಾಯಿತಿಗೇ ಏಕೆ ಕೊಡುತ್ತಾರೆ? 1993ರ ಪಂಚಾಯತ್ ರಾಜ್ ಕಾಯ್ದೆಯ ಮೊದಲ ಅನುಸೂಚಿ, ಹುಲ್ಲುಗಾವಲುಗಳನ್ನು ಅಭಿವೃದ್ಧಿಪಡಿಸಿ ಅವುಗಳ ಅನಧಿಕೃತ ಪರಭಾರೆಯನ್ನೂ ಬಳಕೆಯನ್ನೂ ತಡೆಯುವ ಕೆಲಸವನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿದೆ. ಆದರೆ ಕಂದಾಯ ಭೂಮಿಯಿಂದ ಒತ್ತುವರಿದಾರನನ್ನು ತೆರವು ಮಾಡುವ ಅಧಿಕಾರ ಇರುವುದು ಕಂದಾಯ ಅಧಿಕಾರಿಗಳಿಗೆ. ಪಂಚಾಯಿತಿ ಮಾಡಬಹುದಾದ್ದು ನಿರ್ಣಯ ಅಂಗೀಕರಿಸಿ ತಹಶೀಲ್ದಾರರಿಗೆ ಕಳಿಸುವುದು, ಹದ್ದುಬಸ್ತಿಗೆ ಒತ್ತಾಯಿಸುವುದು. ಸರ್ವೆಯರ್ ಬಂದು ಗಡಿಕಲ್ಲು ಗುರುತಿಸುವವರೆಗೆ ಒತ್ತುವರಿ ಎಷ್ಟೆಂಬುದು ಬಾಯಿಮಾತು ಮಾತ್ರ. ಹೊಣೆ ಒಬ್ಬರಿಗೆ, ಅಧಿಕಾರ ಇನ್ನೊಬ್ಬರಿಗೆ ಎಂಬ ಈ ಏರ್ಪಾಡು ದನ ಸಾಕುವವರಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು.

ಸಾಮುದಾಯಿಕ ನೆಲಕ್ಕಾಗಿ ನಡೆದ ರಾಜ್ಯದ ದೊಡ್ಡ ಹೋರಾಟವೊಂದಕ್ಕೆ ಸಾಸ್ತಾನದ ನೆರೆಯೂರು ಕೋಟದ ನಂಟಿದೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ನೆಲದಲ್ಲಿ ನೀಲಗಿರಿಯಂಥ ಮರ ಬೆಳೆಸಲು ಹೊರಟವು. ಆ ನೆಲದಲ್ಲಿ ದನ ಮೇಯುತ್ತಿದ್ದವು, ಊರವರು ಸೌದೆ ತರುತ್ತಿದ್ದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಸಮಾಜ ಪರಿವರ್ತನ ಸಮುದಾಯದೊಂದಿಗೆ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ನಿರ್ಧರಿಸಿತು.

2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಆದೇಶಿಸಿತು. ಇನ್ನೊಂದು ಕಡೆ ಬಗರ್ ಹುಕುಂ ಸಕ್ರಮದ ಅವಕಾಶ ಮತ್ತೆ ಮತ್ತೆ ತೆರೆಯಿತು: 1991ರಲ್ಲಿ ನಮೂನೆ 50, ಆ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ಆದ್ದರಿಂದ ಇಂದು ಮನವಿ ಕೊಡುವವರು ಆ ಸರ್ವೆ ನಂಬರಿನ ಮೇಲೆ ಸಕ್ರಮದ ಅರ್ಜಿ ಬಾಕಿ ಇದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಇದ್ದರೆ, ಗೋಮಾಳ 97ನೇ ನಿಯಮದ ಪ್ರಮಾಣಕ್ಕಿಂತ ಕಡಿಮೆಯಿದೆ ಎಂಬ ತಕರಾರನ್ನು ಆ ಕಡತಕ್ಕೂ ಬರೆದು ಸೇರಿಸುವುದು ಮಂಜೂರಾತಿಗೆ ಮೊದಲೇ ಆಗಬೇಕು.