ಸಗಣಿಯ ಪ್ರಮಾಣ, ದೈನಂದಿನ ಗೋಬರ್ ಅನಿಲ ಮತ್ತು ಅಡುಗೆಯ ಅವಧಿ

ಗೋಬರ್ ಅನಿಲ ಘಟಕದಿಂದ ಎಷ್ಟು ಗಂಟೆ ಒಲೆ ಉರಿಸಬಹುದು ಎಂಬುದು ಘಟಕದ ಗಾತ್ರಕ್ಕಿಂತ ಹೆಚ್ಚಾಗಿ ಪ್ರತಿದಿನ ಅದಕ್ಕೆ ಹಾಕುವ ತಾಜಾ ಸಗಣಿಯನ್ನು ಅವಲಂಬಿಸಿದೆ. ಒಂದು ಕಿಲೋ ತಾಜಾ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. ಸಾಮಾನ್ಯ ಗೃಹಬಳಕೆಯ ಒಲೆಯ ಒಂದು ಬರ್ನರ್ ಗಂಟೆಗೆ ಸುಮಾರು 450 ಲೀಟರ್ ಅನಿಲವನ್ನು ಬಳಸುತ್ತದೆ. ಅಂದರೆ ಒಂದು ಬರ್ನರನ್ನು ಒಂದು ಗಂಟೆ ಉರಿಸಲು ಸುಮಾರು 11 ಕಿಲೋ ಸಗಣಿ ಬೇಕು.

ಎರಡು ಹಸು ಮತ್ತು ಒಂದು ಎಮ್ಮೆಯಿರುವ, ಐದು ಜನರ ಕುಟುಂಬವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಹಸು ದಿನಕ್ಕೆ ಸುಮಾರು 10 ಕಿಲೋ, ಎಮ್ಮೆ ಸುಮಾರು 15 ಕಿಲೋ ಸಗಣಿ ಹಾಕುತ್ತವೆ. ಮೂರೂ ಕೊಟ್ಟಿಗೆಯಲ್ಲೇ ಇದ್ದರೆ 35 ಕಿಲೋ ಸಗಣಿಯಿಂದ 1,400 ಲೀಟರ್ ಅನಿಲ ಬರುತ್ತದೆ. ಒಂದು ಬರ್ನರ್ ಮೂರು ಗಂಟೆ ಉರಿಯುತ್ತದೆ. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು 250 ಲೀಟರ್ ಎಂದು ಲೆಕ್ಕ ಹಾಕಿದರೆ ಐದು ಜನರಿಗೆ 1,250 ಲೀಟರ್ ಸಾಕು. ಆದರೆ ಹಸುಗಳನ್ನು ಹಗಲು ಮೇಯಲು ಬಿಟ್ಟರೆ ಅವುಗಳ ಸಗಣಿಯಲ್ಲಿ ಅರ್ಧದಷ್ಟು ಹೊರಗೇ ಉಳಿಯುತ್ತದೆ. ಆಗ ಕೈಗೆ ಸಿಗುವುದು 25 ಕಿಲೋ, ಅನಿಲ 1,000 ಲೀಟರ್, ಅಡುಗೆಯ ಅವಧಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಘಟಕದ ಗಾತ್ರ ನಿರ್ಧರಿಸುವ ಮೊದಲು ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ತೂಗಿ ಸರಾಸರಿ ತೆಗೆಯಿರಿ.

ಅನಿಲ ಹಗಲು ರಾತ್ರಿ ಉತ್ಪತ್ತಿಯಾಗುತ್ತಲೇ ಇರುತ್ತದೆ. ದೀನಬಂಧು ಮಾದರಿಯ ಗುಮ್ಮಟದಲ್ಲಿ ಒಂದು ದಿನದ ಉತ್ಪಾದನಾ ಸಾಮರ್ಥ್ಯದ ಸುಮಾರು ಮೂರನೇ ಒಂದು ಭಾಗ ಮಾತ್ರ ಸಂಗ್ರಹವಾಗುತ್ತದೆ. 2 ಘನ ಮೀಟರ್ ಘಟಕದಲ್ಲಿ ಇದು ಸುಮಾರು 660 ಲೀಟರ್, ಅಂದರೆ ಒಂದೂವರೆ ಗಂಟೆಯ ಉರಿ. ಮೇಲಿನ ಕುಟುಂಬ 35 ಕಿಲೋ ಸಗಣಿ ಹಾಕಿದರೆ ರಾತ್ರಿಯ ಹತ್ತು ಗಂಟೆಗಳಲ್ಲಿ ಸುಮಾರು 580 ಲೀಟರ್ ಕೂಡುತ್ತದೆ. ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು ಅಡುಗೆ ಮಾಡಿದರೆ ಎಲ್ಲವೂ ಬಳಕೆಯಾಗುತ್ತದೆ. ಒಂದೇ ಹೊತ್ತು ಒಲೆ ಹಚ್ಚುವ ಮನೆಯಲ್ಲಿ ಗುಮ್ಮಟ ತುಂಬಿ, ಹೆಚ್ಚಿನ ಅನಿಲ ಹೊರಗುಂಡಿಯ ಮೂಲಕ ಗುಳ್ಳೆಗಳಾಗಿ ನಷ್ಟವಾಗುತ್ತದೆ.

ನಿಮ್ಮ ಘಟಕವನ್ನು ಪರೀಕ್ಷಿಸುವ ವಿಧಾನ ಸರಳವಾಗಿದೆ. ಒಂದು ದಿನದಲ್ಲಿ ಬರ್ನರ್ ಪೂರ್ಣವಾಗಿ ಉರಿದ ಗಂಟೆಗಳನ್ನು ಬರೆದಿಟ್ಟು 450ರಿಂದ ಗುಣಿಸಿ. ಹಾಕಿದ ಸಗಣಿಯ ಕಿಲೋಗಳನ್ನು 40ರಿಂದ ಗುಣಿಸಿ ಹೋಲಿಸಿ. ಮೊದಲನೆಯದು ಬಹಳ ಕಡಿಮೆಯಿದ್ದರೆ ಮೊದಲು ಕೊಳವೆಯ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆ ನೋಡಿ. ನಂತರ ಬಗ್ಗಡವನ್ನು ಗಮನಿಸಿ: ಸಗಣಿ ಮತ್ತು ನೀರು ಸಮಪ್ರಮಾಣದಲ್ಲಿರಬೇಕು. ನೀರು ಹೆಚ್ಚಾದರೆ ಸಗಣಿ ಪೂರ್ತಿ ಕೊಳೆಯುವ ಮೊದಲೇ ಹೊರಬರುತ್ತದೆ. ಚಳಿಗಾಲದಲ್ಲಿ ಸೂಕ್ಷ್ಮಾಣುಗಳ ಚಟುವಟಿಕೆ ತಗ್ಗುವುದರಿಂದ ಉತ್ಪಾದನೆ ಇಳಿಯುವುದು ಸಹಜ. ಆ ದಿನಗಳಲ್ಲಿ ತಣ್ಣೀರಿನ ಬದಲು ಬಿಸಿಲಿನಲ್ಲಿಟ್ಟ ನೀರಿನಿಂದ ಬಗ್ಗಡ ಕಲಸಿ, ಮಧ್ಯಾಹ್ನದ ಹೊತ್ತಿಗೆ ಘಟಕಕ್ಕೆ ಹಾಕಿರಿ.