ಬರೆದ ವಾಕ್ಯ, ಆಡುವ ಮಾತು: ಕಿರು ಇನ್‌ಫ್ಲುಯೆನ್ಸರ್‌ಗೆ ಕೊಡುವ ಬ್ರೀಫಿನ ಸ್ವರೂಪ

ಸಾಮಾನ್ಯವಾಗಿ ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಅನುಯಾಯಿಗಳಿರುವವರನ್ನು ಕಿರು ಇನ್‌ಫ್ಲುಯೆನ್ಸರ್ ಎನ್ನುತ್ತಾರೆ. ಕಂಪನಿ ಅವರಿಗೆ ಕೊಡುವ ಬ್ರೀಫಿನಲ್ಲಿ ಯಾವುದು ಬಿಗಿಯಾಗಿರಬೇಕು, ಯಾವುದನ್ನು ಅವರಿಗೇ ಬಿಡಬೇಕು? ಸಂಗತಿಗಳನ್ನು ಬಿಗಿಯಬೇಕು, ವಾಕ್ಯಗಳನ್ನು ಬಿಡಬೇಕು ಎಂಬುದು ಈ ಲೇಖನದ ವಾದ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1981ರ ‘ಫಾರ್ಮ್ಸ್ ಆಫ್ ಟಾಕ್’ ಕೃತಿಯಲ್ಲಿ ‘ಮಾತುಗಾರ’ ಎಂಬ ಒಂದು ಪದದೊಳಗಿನ ಮೂರು ಪಾತ್ರಗಳನ್ನು ಬಿಡಿಸಿ ತೋರಿಸಿದರು: ಮಾತನ್ನು ಉಚ್ಚರಿಸುವವರು, ಪದಗಳನ್ನು ಆಯ್ದವರು, ಆ ಮಾತಿಗೆ ಹೊಣೆಯಾದವರು. ಪೂರ್ತಿ ಸ್ಕ್ರಿಪ್ಟ್ ಕೊಟ್ಟರೆ ಇನ್‌ಫ್ಲುಯೆನ್ಸರ್‌ಗೆ ಉಳಿಯುವುದು ಮೊದಲ ಪಾತ್ರ ಮಾತ್ರ. ಕನ್ನಡದಲ್ಲಿ ಉಚ್ಚರಿಸುವವರ ಮತ್ತು ಪದ ಆಯ್ದವರ ನಡುವಿನ ಈ ಬಿರುಕು ಕಿವಿಗೇ ತಾಕುತ್ತದೆ. ಬರಹದ ಕನ್ನಡಕ್ಕೂ ಊರಿನ ಆಡುಮಾತಿಗೂ ಕ್ರಿಯಾಪದದ ರೂಪವೇ ಬೇರೆ.

ಒಂದು ಕಲ್ಪಿತ ನಿದರ್ಶನ ನೋಡೋಣ. ಮರದ ಗಾಣದ ಶೇಂಗಾ ಎಣ್ಣೆ ಮಾರುವವರೊಬ್ಬರು ಧಾರವಾಡದ ಅಡುಗೆ ಇನ್‌ಫ್ಲುಯೆನ್ಸರ್ ಒಬ್ಬರಿಂದ 60 ಸೆಕೆಂಡಿನ ವಿಡಿಯೊ ಬಯಸುತ್ತಾರೆ. ಸ್ಕ್ರಿಪ್ಟಿನಲ್ಲಿ ‘ತಳದಲ್ಲಿ ಗಸಿ ಕಂಡುಬಂದಲ್ಲಿ ಗಾಬರಿಪಡುವ ಅಗತ್ಯವಿಲ್ಲ’ ಎಂದಿದೆ. ಅದನ್ನೇ ಓದಿದರೆ ಅವರ ದನಿ ಸಮತಟ್ಟಾಗುತ್ತದೆ, ಕಣ್ಣು ಪರದೆಯ ಸಾಲಿನ ಹಿಂದೆ ಓಡುತ್ತದೆ. ಬ್ರೀಫಿನಲ್ಲಿ ‘ಗಸಿ ಸಹಜ ಎಂಬುದು ತಿಳಿಯಬೇಕು’ ಎಂದಷ್ಟೇ ಇದ್ದರೆ ಅವರು ಬಾಟಲಿ ಎತ್ತಿ ತೋರಿಸಿ, “ತಳದಾಗ ಗಸಿ ಕುಂದರ್ತದರಿ, ಅಂಜಬ್ಯಾಡ್ರಿ” ಎನ್ನುತ್ತಾರೆ. ಸಂಗತಿ ಅದೇ, ಪದಗಳು ಅವರವು.

ಹಾಗಾದರೆ ಈ ಬ್ರೀಫಿಗೆ ಒಂದು ಪುಟ ಸಾಕು. ಬಿಗಿಯಾದ ಭಾಗದಲ್ಲಿ ಉತ್ಪನ್ನದ ಹೆಸರು, ತಯಾರಿಸುವ ವಿಧಾನ, ಬೆಲೆ ಮತ್ತು ಹೇಳಬಾರದ ಮಾತುಗಳು ಇರಬೇಕು: ಹೃದಯರೋಗ ತಡೆಯುತ್ತದೆ, ಕೊಲೆಸ್ಟರಾಲ್ ಇಳಿಸುತ್ತದೆ ಎನ್ನುವಂತಿಲ್ಲ. ಆರಂಭ, ಮಾಡುವ ಅಡುಗೆ, ಸಂಗತಿಗಳ ಕ್ರಮ, ಇಷ್ಟವಾಗದ ಅಂಶವೊಂದನ್ನು ಹೇಳುವ ಅವಕಾಶ ಇವು ತೆರೆದ ಭಾಗ.

ಜಾಹೀರಾತೆಂಬ ಘೋಷಣೆಯಲ್ಲಿ ಸ್ವಾತಂತ್ರ್ಯವಿಲ್ಲ. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ 2021ರ ಮಾರ್ಗಸೂಚಿಯಂತೆ, 15 ಸೆಕೆಂಡಿಗಿಂತ ದೊಡ್ಡದಾದ, ಎರಡು ನಿಮಿಷಕ್ಕಿಂತ ಚಿಕ್ಕದಾದ ವಿಡಿಯೊದಲ್ಲಿ ಘೋಷಣೆಯ ಪಟ್ಟಿ ಮೂರನೆಯ ಒಂದು ಭಾಗದಷ್ಟು ಹೊತ್ತು ಕಾಣಬೇಕು. ಈ ವಿಡಿಯೊಗೆ ಅದು 20 ಸೆಕೆಂಡು.

ಬ್ರೀಫ್ ಕೆಡುವುದು ಹೆಚ್ಚಾಗಿ ಒಪ್ಪಿಗೆಯ ಹಂತದಲ್ಲಿ. ಕಂಪನಿಯವರು ‘ಅಂಜಬ್ಯಾಡ್ರಿ’ಯನ್ನು ‘ಭಯಪಡಬೇಡಿ’ ಎಂದು ತಿದ್ದಿದರೆ, ಬಿಟ್ಟುಕೊಟ್ಟ ಸ್ವಾತಂತ್ರ್ಯವನ್ನು ಅಲ್ಲೇ ಹಿಂದಕ್ಕೆ ಪಡೆದಂತೆ. ಆದ್ದರಿಂದ ಪರಿಶೀಲನೆ ಸಂಗತಿ, ನಿಷೇಧ, ಘೋಷಣೆ ಈ ಮೂರಕ್ಕಷ್ಟೇ ಸೀಮಿತ ಎಂದು ಬ್ರೀಫಿನಲ್ಲೇ ಬರೆದಿರಬೇಕು.

ಈ ಕ್ರಮಕ್ಕೂ ಮಿತಿಯಿದೆ. ಔಷಧಿಯ ಪ್ರಮಾಣ, ಹೂಡಿಕೆಯ ಅಪಾಯದಂಥ ವಿಷಯಗಳಲ್ಲಿ ಒಂದು ಪದ ಬದಲಾದರೆ ಅರ್ಥವೇ ಬದಲಾಗಬಹುದು. ಅಂಥಲ್ಲಿ ಬರೆದ ವಾಕ್ಯವನ್ನು ಇದ್ದಂತೆಯೇ ಓದಿಸಬೇಕು. ಉಳಿದೆಡೆ, ಪದಗಳನ್ನು ಆಯ್ದುಕೊಳ್ಳುವ ಹಕ್ಕು ಹೇಳುವವರದೇ ಆಗಿರಬೇಕು.