ವಾಕ್ಯವೃಂದಗಳ ವಿಭಜನೆ ಮತ್ತು ಜೋಡಣೆ

ವಾಕ್ಯವೃಂದಗಳ ವಿಭಜನೆ ಮತ್ತು ಜೋಡಣೆ ಎಂಬುದು ಗದ್ಯಬರಹವನ್ನು ತಿದ್ದುವಾಗ ಕೈಗೊಳ್ಳುವ ಒಂದು ಕ್ರಮ. ಹಲವು ವಿಚಾರಗಳನ್ನು ತುಂಬಿಕೊಂಡು ಅತಿ ಉದ್ದವಾಗಿರುವ ವಾಕ್ಯವೃಂದವನ್ನು ಒಡೆಯುವುದು, ಒಂದೇ ವಿಚಾರವು ಒಂದೊಂದು ಸಾಲಿನ ತುಣುಕುಗಳಾಗಿ ಚದುರಿದ್ದರೆ ಅವನ್ನು ಕೂಡಿಸುವುದು ಇದರ ಕೆಲಸ. ಪ್ರತಿಯೊಂದು ವಾಕ್ಯವೃಂದವೂ ಒಂದು ಸ್ಪಷ್ಟ ವಿಚಾರವನ್ನು ಹೊರಬೇಕೆಂಬುದು ಇದರ ಗುರಿ. ವಾಕ್ಯವೃಂದವನ್ನು ಕಂಡಿಕೆ ಎಂದೂ ಬಳಕೆಯ ಮಾತಿನಲ್ಲಿ ಪ್ಯಾರಾ ಎಂದೂ ಕರೆಯುತ್ತಾರೆ. ಈ ಲೇಖನದಲ್ಲಿ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ಪರಿಚಯ ಬರಹಗಳನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಕ್ರಮವನ್ನು ವಿವರಿಸಲಾಗಿದೆ. ಉದಾಹರಣೆಯ ಸಾಲುಗಳನ್ನು ವಿವರಣೆಗಾಗಿಯೇ ರಚಿಸಲಾಗಿದೆ.

ಹಿನ್ನೆಲೆ

ಹಳೆಯ ಕನ್ನಡ ಬರಹದಲ್ಲಿ ಇಂದಿನ ಅರ್ಥದ ವಾಕ್ಯವೃಂದವಿರಲಿಲ್ಲ. ತಾಳೆಗರಿಯಲ್ಲಿಯೂ ಶಿಲಾಶಾಸನದಲ್ಲಿಯೂ ಅಕ್ಷರಗಳು ಎಡೆಬಿಡದೆ ಸಾಗುತ್ತಿದ್ದವು. ಓದುಗನಿಗೆ ನಿಲುಗಡೆ ತಿಳಿಯುತ್ತಿದ್ದುದು ಬೇರೆ ಗುರುತುಗಳಿಂದ. ವಚನದ ಕೊನೆಯಲ್ಲಿ ಬರುವ ಅಂಕಿತವು ಅಲ್ಲಿಗೆ ಒಂದು ಮಾತು ಮುಗಿಯಿತೆಂದು ತಿಳಿಸುತ್ತದೆ. ಆಧುನಿಕ ಗದ್ಯಕ್ಕೆ ಅಂಥ ಮುದ್ರೆಯಿಲ್ಲ; ಸಾಲು ಮುರಿದು ಬಿಡುವ ಖಾಲಿ ಜಾಗವೇ ಆ ಕೆಲಸವನ್ನು ಮಾಡಬೇಕು. ಒಂದು ವಾಕ್ಯವೃಂದಕ್ಕೆ ಒಂದೇ ವಿಷಯ ಎಂಬ ನಿಯಮವನ್ನು ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ 1866ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ರಚನಾಶಾಸ್ತ್ರದ ಗ್ರಂಥದಲ್ಲಿ ಕ್ರಮಬದ್ಧವಾಗಿ ನಿರೂಪಿಸಿದನು.

ಒಡೆಯಬೇಕೆಂದು ತಿಳಿಯುವ ಬಗೆ

ಉದ್ದವೊಂದೇ ಒಡೆಯಲು ಕಾರಣವಾಗದು. ಹನ್ನೆರಡು ವಾಕ್ಯಗಳು ಒಂದೇ ಯುದ್ಧವನ್ನು ವರ್ಣಿಸುತ್ತಿದ್ದರೆ ಅವು ಒಟ್ಟಿಗೇ ಇರಬಹುದು. ನಂಬಬಹುದಾದ ಪರೀಕ್ಷೆಯೆಂದರೆ, ವಾಕ್ಯವೃಂದವನ್ನು ಓದಿ ಅದರ ಸಾರವನ್ನು ಅಂಚಿನಲ್ಲಿ ಒಂದೇ ಸಣ್ಣ ವಾಕ್ಯವಾಗಿ ಬರೆಯುವುದು. ಹಾಗೆ ಬರೆಯುವಾಗ ‘ಮತ್ತು’, ‘ಅಲ್ಲದೆ’ ಎಂಬ ಮಾತುಗಳ ನೆರವಿಲ್ಲದೆ ಸಾರವು ಮುಗಿಯದಿದ್ದರೆ ಅಲ್ಲಿ ಎರಡು ವಿಚಾರಗಳಿವೆ ಎಂದರ್ಥ. ಅಕ್ಕಪಕ್ಕದ ಎರಡು ವಾಕ್ಯವೃಂದಗಳಿಗೆ ಒಂದೇ ಸಾರ ಬಂದರೆ ಅವು ಕೂಡಬೇಕಾದವು.

ಉದಾಹರಣೆ: ಬಸವಕಲ್ಯಾಣ

ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಸ್ಥಳಪರಿಚಯಗಳಲ್ಲಿಯೂ ಈ ಬಗೆಯ ವಾಕ್ಯವೃಂದ ಸಾಮಾನ್ಯ:

“ಬಸವಕಲ್ಯಾಣವು ಬೀದರ್ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹಿಂದೆ ಇದಕ್ಕೆ ಕಲ್ಯಾಣ ಎಂಬ ಹೆಸರಿತ್ತು. ಒಂದನೆಯ ಸೋಮೇಶ್ವರನು ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿ ತನ್ನ ಹೆಸರಿನ ಶಕೆಯನ್ನು ಆರಂಭಿಸಿದನು. ಕವಿ ಬಿಲ್ಹಣನೂ ಮಿತಾಕ್ಷರಾ ಗ್ರಂಥವನ್ನು ಬರೆದ ವಿಜ್ಞಾನೇಶ್ವರನೂ ಅವನ ಆಶ್ರಯದಲ್ಲಿದ್ದರು. ಬಸವಣ್ಣನವರು ಇಲ್ಲಿ ರಾಜನ ಭಂಡಾರಿಯಾಗಿದ್ದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದ ಶರಣರು ಸೇರುತ್ತಿದ್ದರು. ಮುಂದೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟು, 1948ರಲ್ಲಿ ಭಾರತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯದ ಭಾಗವಾಗಿ, ಬಳಿಕ ಬಸವಕಲ್ಯಾಣವೆಂದು ಹೆಸರು ಪಡೆಯಿತು. ಇಲ್ಲಿ ಕೋಟೆಯಿದೆ.”

ಇಲ್ಲಿ ಬಿಡಿಬಿಡಿಯಾಗಿ ನೋಡಿದರೆ ಯಾವ ವಾಕ್ಯವೂ ತಪ್ಪಲ್ಲ. ಆದರೂ ಇದನ್ನು ಓದಿದ ವಿದ್ಯಾರ್ಥಿಯು ಬಸವಣ್ಣನವರು ಆರನೆಯ ವಿಕ್ರಮಾದಿತ್ಯನ ಭಂಡಾರಿಯಾಗಿದ್ದರೆಂದು ತಿಳಿಯುವುದು ಬಹುಮಟ್ಟಿಗೆ ಖಚಿತ. ‘ಅವನ ಆಶ್ರಯದಲ್ಲಿದ್ದರು’ ಎಂಬುದರ ಹಿಂದೆಯೇ ‘ರಾಜನ ಭಂಡಾರಿ’ ಎಂದು ಬಂದಾಗ ಆ ರಾಜನು ವಿಕ್ರಮಾದಿತ್ಯನೇ ಎಂದು ಓದುಗನು ಭಾವಿಸುತ್ತಾನೆ. ಹಾಗೆ ಭಾವಿಸುವುದು ಅವನ ತಪ್ಪೂ ಅಲ್ಲ. ವಾಸ್ತವವಾಗಿ ಬಸವಣ್ಣನವರು ಇದ್ದುದು ಕಳಚುರಿ ವಂಶದ ಬಿಜ್ಜಳನ ಬಳಿ. ಚಾಲುಕ್ಯರ ಅಧೀನನಾಗಿದ್ದ ಬಿಜ್ಜಳನು ವಿಕ್ರಮಾದಿತ್ಯನು ತೀರಿಕೊಂಡು ಸುಮಾರು ಮೂರು ದಶಕಗಳಾದ ಮೇಲೆ, 12ನೆಯ ಶತಮಾನದ ನಡುಭಾಗದಲ್ಲಿ, ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಬಿಜ್ಜಳನ ಹೆಸರೇ ಇಲ್ಲದ ಈ ವಾಕ್ಯವೃಂದದಲ್ಲಿ ಒಂದು ರಾಜವಂಶದ ಪಲ್ಲಟವೇ ಎರಡು ವಾಕ್ಯಗಳ ನಡುವೆ ಅಡಗಿಹೋಗಿದೆ.

ಅಂಚಿನ ಸಾರವನ್ನು ಬರೆದು ನೋಡಿದರೆ ಇಲ್ಲಿ ನಾಲ್ಕು ವಿಚಾರಗಳು ದೊರೆಯುತ್ತವೆ: ಊರು ಮತ್ತು ಅದರ ಹೆಸರು, ಚಾಲುಕ್ಯರ ರಾಜಧಾನಿ, ಶರಣರ ಕಲ್ಯಾಣ, ಮುಂದಿನ ಆಡಳಿತ. (‘ಊರು ಮತ್ತು ಹೆಸರು’ ಎಂಬಲ್ಲಿ ‘ಮತ್ತು’ ಬಂದರೂ, ಊರನ್ನು ಗುರುತಿಸುವುದೇ ಹೆಸರಾದುದರಿಂದ ಅದನ್ನು ಬೇರ್ಪಡಿಸುವುದಿಲ್ಲ. ಪರೀಕ್ಷೆಯನ್ನು ಯಂತ್ರದಂತೆ ಬಳಸಬಾರದು.) ಆರನೆಯ ವಾಕ್ಯದಿಂದ ಹೊಸ ವಾಕ್ಯವೃಂದವನ್ನು ಆರಂಭಿಸಿದ ಕೂಡಲೇ ‘ರಾಜನ’ ಎಂಬ ಪದವು ಆಸರೆಯಿಲ್ಲದೆ ನಿಲ್ಲುತ್ತದೆ. ಯಾವ ರಾಜ ಎಂಬ ಪ್ರಶ್ನೆ ತಿದ್ದುವವನಿಗೇ ಎದುರಾಗುತ್ತದೆ. ಆಗ ವಾಕ್ಯವೃಂದವು ಹೀಗೆ ಆರಂಭವಾಗಬೇಕಾಗುತ್ತದೆ:

“12ನೆಯ ಶತಮಾನದ ನಡುಭಾಗದಲ್ಲಿ ಕಳಚುರಿ ಬಿಜ್ಜಳನು ಚಾಲುಕ್ಯರಿಂದ ಅಧಿಕಾರವನ್ನು ಕಿತ್ತುಕೊಂಡನು. ಬಸವಣ್ಣನವರು ಈ ಬಿಜ್ಜಳನ ಭಂಡಾರಿಯಾಗಿದ್ದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು, ಅಕ್ಕಮಹಾದೇವಿ ಮೊದಲಾದ ಶರಣರು ಸೇರುತ್ತಿದ್ದುದು ಇದೇ ಕಾಲದಲ್ಲಿ.”

ಬರಿಯ ಸಾಲು ಮುರಿದು ಬಿಟ್ಟಿದ್ದರೆ ಈ ಲಾಭವಿರುತ್ತಿರಲಿಲ್ಲ. ಒಡೆದ ಜಾಗದಲ್ಲಿ ಕಾಣುವ ಬಿರುಕನ್ನು ತುಂಬುವುದು ಒಡೆಯುವ ಕೆಲಸದ ಭಾಗವೇ ಆಗಿದೆ.

ಎಂಟನೆಯ ವಾಕ್ಯದ ತೊಡಕು ಬೇರೆ ಬಗೆಯದು. ‘ಒಳಪಟ್ಟು, ಸೇರಿ, ಭಾಗವಾಗಿ’ ಎಂದು ನ್ಯೂನಕ್ರಿಯೆಗಳನ್ನು ಪೋಣಿಸುತ್ತ ಒಂದೇ ವಾಕ್ಯದಲ್ಲಿ ಎಷ್ಟು ದೂರವಾದರೂ ಸಾಗಲು ಕನ್ನಡದಲ್ಲಿ ಅವಕಾಶವಿದೆ. ಇಲ್ಲಿ ಆಡಳಿತದ ಕಥೆಯೂ ಹೆಸರಿನ ಕಥೆಯೂ ಒಂದೇ ಸರಪಳಿಯಲ್ಲಿ ಸಿಕ್ಕಿಕೊಂಡಿವೆ. ಹೆಸರಿನ ಮಾತು ಎರಡನೆಯ ವಾಕ್ಯದ ಪಕ್ಕಕ್ಕೆ ಹೋಗಬೇಕಾದುದು. ಅದಕ್ಕೆ ಮೊದಲು ವಾಕ್ಯವನ್ನೇ ಕತ್ತರಿಸಬೇಕು. ಅಲ್ಲದೆ ಈ ವಾಕ್ಯಕ್ಕೆ ಕರ್ತೃಪದವಿಲ್ಲ. ಕನ್ನಡದ ಕ್ರಿಯಾಪದವು ಲಿಂಗ ವಚನಗಳನ್ನು ತಾನೇ ಸೂಚಿಸುವುದರಿಂದ ಬರೆಯುವವರು ಕರ್ತೃವನ್ನು ಬಿಟ್ಟುಬಿಡುತ್ತಾರೆ. ವಾಕ್ಯವೃಂದದ ನಡುವೆ ಅದು ಸಹಜವಾಗಿ ಕಂಡರೂ ಆರಂಭದಲ್ಲಿ ನಡೆಯದು. ‘ಮುಂದೆ ನಿಜಾಮರ ಆಳ್ವಿಕೆಗೆ ಒಳಪಟ್ಟು’ ಎಂಬುದನ್ನು ‘ಕಲ್ಯಾಣವು ಮುಂದೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತು’ ಎಂದು ತಿದ್ದಬೇಕು. ಹೊಸ ವಾಕ್ಯವೃಂದದ ಮೊದಲ ವಾಕ್ಯದಲ್ಲಿ ಅವನು, ಇದು, ಅಲ್ಲಿ, ಆಗ ಎಂಬ ಪದಗಳು ಕಂಡರೆ ಪ್ರತಿಯೊಂದರ ಬದಲಿಗೆ ಹೆಸರನ್ನೇ ಇಡುವುದು ಕ್ಷೇಮ.

ಕೊನೆಯ ‘ಇಲ್ಲಿ ಕೋಟೆಯಿದೆ’ ಎಂಬ ವಾಕ್ಯಕ್ಕೆ ನಾಲ್ಕರಲ್ಲಿ ಯಾವುದೂ ನೆಲೆಯಲ್ಲ. ಕೋಟೆಯ ಯಾವ ಭಾಗ ಯಾವ ಕಾಲದ್ದೆಂದು ಹೇಳಿದರೆ ಅದು ಆಯಾ ಕಾಲದ ವಾಕ್ಯವೃಂದಕ್ಕೆ ಸೇರೀತು. ಇಲ್ಲವಾದರೆ ನೋಡತಕ್ಕ ಸ್ಥಳಗಳ ವಿಭಾಗಕ್ಕೆ ಒಯ್ಯಬೇಕು.

ಉದಾಹರಣೆ: ಹುಮನಾಬಾದ್

ಪಕ್ಕದ ಹುಮನಾಬಾದಿನ ಪರಿಚಯಗಳಲ್ಲಿ ಇದಕ್ಕೆ ವಿರುದ್ಧವಾದ ದೋಷ ಕಾಣಬಹುದು. ಹಲವರು ಹಲವು ಸಲ ಒಂದೊಂದು ಸಾಲು ಸೇರಿಸಿದ ಬರಹಗಳಲ್ಲಿ ಇದು ಬೇಗ ಬೆಳೆಯುತ್ತದೆ:

“ಇಲ್ಲಿ ವೀರಭದ್ರೇಶ್ವರ ದೇವಾಲಯವಿದೆ.

ಪುಣೆ–ಹೈದರಾಬಾದ್ ಹೆದ್ದಾರಿ ಇಲ್ಲಿ ಹಾದುಹೋಗುತ್ತದೆ.

ಸಮೀಪದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕ್ಷೇತ್ರವಿದೆ.

ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಉದ್ಘಾಟನೆಯಾಯಿತು.

ಬೀದರಿನಿಂದ ಕಲಬುರಗಿಗೆ ಹೋಗುವ ರಸ್ತೆಯೂ ಇಲ್ಲಿಯೇ ಹೋಗುತ್ತದೆ.

ಜಲಸಂಗಿಯಲ್ಲಿ ಹಳೆಯ ದೇವಾಲಯವಿದೆ.”

ಆರೂ ಸಾಲುಗಳು ಒಂದೇ ತೂಕದವಾಗಿ ತೋರುತ್ತವೆ. ಎರಡು, ನಾಲ್ಕು ಮತ್ತು ಐದನೆಯ ಸಾಲುಗಳ ಸಾರ ಒಂದೇ. ಆದರೆ ಅವನ್ನು ಒಂದರ ಹಿಂದೆ ಒಂದು ಇಟ್ಟ ಮಾತ್ರಕ್ಕೆ ಜೋಡಣೆ ಆಗುವುದಿಲ್ಲ. ಮೂರಕ್ಕೂ ಸಮಾನವಾದ ವಿಚಾರವನ್ನು ಹೇಳುವ ಒಂದು ವಾಕ್ಯವು ಮುಂದೆ ನಿಲ್ಲಬೇಕು:

“ಹುಮನಾಬಾದ್ ಎರಡು ದೊಡ್ಡ ದಾರಿಗಳು ಕೂಡುವ ಊರು. ಪುಣೆ–ಹೈದರಾಬಾದ್ ಹೆದ್ದಾರಿಯನ್ನು ಬೀದರ್–ಕಲಬುರಗಿ ರಸ್ತೆಯು ಇಲ್ಲಿ ಸಂಧಿಸುತ್ತದೆ. 2017ರಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿಯೂ ಊರಿಗೆ ನಿಲ್ದಾಣವಿದೆ.”

‘ದಾರಿಗಳು ಕೂಡುವ ಊರು’ ಎಂಬ ಮಾತು ಮೂಲದ ಯಾವ ಸಾಲಿನಲ್ಲಿಯೂ ಇರಲಿಲ್ಲ. ಸಾಲುಗಳು ಬೇರೆಬೇರೆಯಾಗಿದ್ದಾಗ ಅದು ಯಾರಿಗೂ ತೋರುವಂತೆಯೂ ಇರಲಿಲ್ಲ.

ವೀರಭದ್ರೇಶ್ವರ ದೇವಾಲಯ ಮತ್ತು ಮಾಣಿಕನಗರದ ಸಾಲುಗಳನ್ನು, ಭಕ್ತರು ಬಂದು ಸೇರುವ ಎರಡು ಕ್ಷೇತ್ರಗಳೆಂಬ ವಿಚಾರದಡಿ ಕೂಡಿಸಬಹುದು. ಆದರೆ ಒಂದು ಶೈವ ದೇವಾಲಯ, ಇನ್ನೊಂದು 19ನೆಯ ಶತಮಾನದ ಸಂತನೊಬ್ಬನ ಕ್ಷೇತ್ರ. ಎರಡೂ ಒಂದೇ ಪರಂಪರೆಗೆ ಸೇರಿದವೆಂಬ ಭಾವನೆ ಬಾರದಂತೆ ಈ ಭೇದವನ್ನು ಜೋಡಿಸುವಾಗಲೇ ಹೇಳಬೇಕು.

ಜಲಸಂಗಿಯ ಸಾಲನ್ನು ‘ದೇವಾಲಯ’ ಎಂಬ ಪದದ ಬಲದಿಂದ ಇವುಗಳೊಡನೆ ಸೇರಿಸುವುದು ಸುಲಭವಾಗಿ ಬೀಳಬಹುದಾದ ತಪ್ಪು. ಜಲಸಂಗಿಯದು ಕಲ್ಯಾಣದ ಚಾಲುಕ್ಯರ ಕಾಲದ ದೇವಾಲಯ. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯಿಂದ ಅದು ಪ್ರಸಿದ್ಧ. ಅದರ ಮಹತ್ವವಿರುವುದು ಇತಿಹಾಸ ಮತ್ತು ಶಿಲ್ಪದಲ್ಲಿ. ಇಂಥ ಸಾಲು ತೆಳುವಾಗಿರುವುದು ಸಂಗಾತಿಯಿಲ್ಲದೆ ಅಲ್ಲ, ವಿವರವಿಲ್ಲದೆ. ಆದುದರಿಂದ ಇಲ್ಲಿ ಪರಿಹಾರವು ಜೋಡಣೆಯಲ್ಲ, ವಿಸ್ತರಣೆ. ಶಿಲಾಬಾಲಿಕೆಯ ವಿಷಯವಾಗಿ ಎರಡು ವಾಕ್ಯ ಬರೆದರೆ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆ.

ಆಧಾರಗಳ ಸ್ಥಾನ

ಹಿಂದಿನ ಬರಹದಲ್ಲಿ ವಾಕ್ಯವೃಂದದ ಕೊನೆಗೆ ಒಂದೇ ಆಧಾರಸೂಚಿ ಇದ್ದು, ಅದು ಇಡೀ ವಾಕ್ಯವೃಂದಕ್ಕೆ ಅನ್ವಯಿಸುತ್ತಿದ್ದಿರಬಹುದು. ಒಡೆದಾಗ ಮೊದಲ ಭಾಗಗಳು ಆಧಾರವಿಲ್ಲದವಾಗುತ್ತವೆ. ಕೂಡಿಸಿದಾಗ ಒಂದು ವಾಕ್ಯದ ಆಧಾರವು ಪಕ್ಕದ ವಾಕ್ಯಕ್ಕೂ ಸೇರಿದಂತೆ ಕಾಣುತ್ತದೆ. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಇಲ್ಲದ ಆಧಾರ ಇದ್ದಂತೆ ತೋರುತ್ತದೆ. ಮೂಲಗ್ರಂಥವನ್ನು ತೆರೆದು, ಯಾವ ವಾಕ್ಯ ಅದರಿಂದ ಬಂದಿದೆ ಎಂದು ನೋಡಿ, ಸೂಚಿಯನ್ನು ಆ ವಾಕ್ಯದ ಕೊನೆಗೇ ಇಡಬೇಕು. ಹಿಂದೆ ಸೇರಿಸಿದ ಬಿಜ್ಜಳನ ವಾಕ್ಯದಂಥ ಹೊಸ ವಾಕ್ಯಗಳಿಗೂ ಬೇರೆಯೇ ಆಧಾರ ಬೇಕಾಗುತ್ತದೆ.

ಮಿತಿಗಳು

ಸಂಭಾಷಣೆ, ಕಾನೂನಿನ ಕಲಮುಗಳು ಮತ್ತು ವಚನಗಳ ಪಾಠಕ್ಕೆ ಈ ಕ್ರಮ ಅನ್ವಯಿಸುವುದಿಲ್ಲ. ಕಲಮಿನ ಸಂಖ್ಯೆಯನ್ನು ಬೇರೆಡೆ ಉಲ್ಲೇಖಿಸಿರುವುದರಿಂದ ಅದನ್ನು ಒಡೆದರೆ ಉಲ್ಲೇಖ ತಪ್ಪುತ್ತದೆ. ಉದ್ಧರಣೆಯೊಳಗಿನ ವಾಕ್ಯವೃಂದಗಳು ಎಷ್ಟೇ ಉದ್ದವಾಗಿದ್ದರೂ ಮೂಲದಲ್ಲಿದ್ದಂತೆಯೇ ಇರಬೇಕು. ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿಸುವ ಒಂಟಿ ವಾಕ್ಯವು ವಾಕ್ಯವೃಂದವಾಗಿ ನಿಂತಿರುವುದೂ ಉಂಟು. ಅಂಚಿನ ಸಾರವನ್ನು ಬರೆದಾಗ ಅದು ಹಿಂದಿನದಕ್ಕೂ ಮುಂದಿನದಕ್ಕೂ ಸೇರದಿದ್ದರೆ ಹಾಗೆಯೇ ಬಿಡಲಾಗುತ್ತದೆ.